ಮೈಸೂರಿನಲ್ಲಿ ಮೂರು ದಿನ, ಕೈಯಲ್ಲೊಂದು ಚೀಟಿ

ನಾನು ಹುಬ್ಬಳ್ಳಿಯ ಒಂದು ಲಾಡ್ಜಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ಒಂಬತ್ತು ವರ್ಷವಾಯಿತು. "ಇಲ್ಲಿ ಹತ್ತಿರ ಏನು ನೋಡಬಹುದು, ಎಲ್ಲಿ ಊಟ ಮಾಡಬಹುದು?" ಅಂತ ದಿನಕ್ಕೆ ಹತ್ತು ಜನವಾದರೂ ಕೇಳುತ್ತಾರೆ. ಅದಕ್ಕೆ ಒಂದು ಚೀಟಿ ಮಾಡಿಟ್ಟಿದ್ದೆ. ಅದರಲ್ಲಿ ಉಣಕಲ್ ಕೆರೆಯ ಮುಂದೆ "ಹತ್ತಿರವೇ ಇದೆ" ಅಂತ ಬರೆದಿದ್ದೆ. ಕಳೆದ ಏಪ್ರಿಲಿನಲ್ಲಿ ಒಬ್ಬ ವಯಸ್ಸಾದ ದಂಪತಿ ಅದನ್ನು ನಂಬಿ, ಬಿಸಿಲಲ್ಲಿ ನಡೆದೇ ಹೊರಟರು. ನಮ್ಮಲ್ಲಿಂದ ಅದು ಮೂರು ಕಿಲೋಮೀಟರಿಗಿಂತ ಜಾಸ್ತಿ. ವಾಪಸ್ ಬಂದಾಗ ಆ ಅಜ್ಜ ಬೈಯಲಿಲ್ಲ. ಚೀಟಿಯನ್ನು ಮಡಚಿ ನನ್ನ ಟೇಬಲ್ ಮೇಲಿಟ್ಟು, ನೀರು ಕೇಳಿದರು. ಬೈದಿದ್ದರೇ ವಾಸಿಯಿತ್ತು.

ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗುವಾಗ ಇದೆಲ್ಲ ನೆನಪಿನಲ್ಲಿರಲಿಲ್ಲ. ಅಮ್ಮನಿಗೆ ಅರವತ್ತೆಂಟು, ಎಡಗಾಲಿನ ಮಂಡಿ ನೋವು. ಅರಮನೆ ನೋಡಬೇಕು, ಚಾಮುಂಡಿಗೆ ಹಣ್ಣುಕಾಯಿ ಮಾಡಿಸಬೇಕು ಅನ್ನುವುದಷ್ಟೇ ಅವಳ ಆಸೆ.

ಭಾನುವಾರ

ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದೆವು. ಲಾಡ್ಜು ಗಾಂಧಿ ಚೌಕದ ಹತ್ತಿರದ ಒಂದು ಒಳರಸ್ತೆಯಲ್ಲಿತ್ತು. ರಿಸೆಪ್ಷನ್‌ನಲ್ಲಿ ಅರವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಒಂದು ಪೆನ್ನು, ಒಂದು ಪೆನ್ಸಿಲ್. ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡು, ಅಮ್ಮ ಕುರ್ಚಿಯ ಕೈ ಹಿಡಿದು ಏಳುವುದನ್ನು ಒಮ್ಮೆ ನೋಡಿದರು. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದು ಕೊಟ್ಟರು. "ಅಮ್ಮಾವ್ರಿಗೆ ಎರಡನೇ ಸಾಲಿನ ಟೈಮು ನೋಡ್ಕೊಳ್ಳಿ" ಅಂದರು.

ಕೋಣೆಗೆ ಹೋಗಿ ಬಿಡಿಸಿ ನೋಡಿದೆ. ಪ್ರತಿ ಜಾಗದ ಮುಂದೆ ನಡಿಗೆಯ ಸಮಯ ಎರಡೆರಡು ಇತ್ತು. ಒಂದರ ಮೇಲೆ "ಬೇಗ ನಡೆಯುವವರು", ಇನ್ನೊಂದರ ಮೇಲೆ "ಅತ್ತೆ ಜೊತೆ". ನನಗೆ ನಗು ಬಂತು. ಇನ್ನೊಂದು ವಿಚಿತ್ರವೂ ಕಂಡಿತು. ನಡಿಗೆಯ ಸಮಯವೆಲ್ಲ ನೀಲಿ ಶಾಯಿಯಲ್ಲಿ, ಬಾಗಿಲು ತೆರೆಯುವ ಮುಚ್ಚುವ ಸಮಯವೆಲ್ಲ ಪೆನ್ಸಿಲಿನಲ್ಲಿ. ಕೆಳಗೆ ಮೂಲೆಯಲ್ಲಿ, ಅದೂ ಪೆನ್ಸಿಲಿನಲ್ಲಿ, ಹಿಂದಿನ ದಿನದ ತಾರೀಖು.

ಅಮ್ಮ ಮಲಗಿದ ಮೇಲೆ ಕೆಳಗಿಳಿದು ಬಂದು ಅವರನ್ನು ಕೇಳಿಯೇಬಿಟ್ಟೆ. ನಾನೂ ಇದೇ ಕೆಲಸದವಳು ಅಂತ ತಿಳಿದ ಮೇಲೆ ಅವರ ಮಾತು ಸಲೀಸಾಯಿತು.

"ರಸ್ತೆ ಎಲ್ಲಿಗೂ ಓಡೋಗಲ್ಲ ನೋಡಿ, ಅದಕ್ಕೆ ಶಾಯಿ. ಹೋಟೆಲಿನವರು ಯಾವತ್ತು ಬೇಕಾದ್ರೂ ಟೈಮ್ ಬದಲಾಯಿಸ್ತಾರೆ, ಅದಕ್ಕೆ ಪೆನ್ಸಿಲ್. ಪ್ರತಿ ಶನಿವಾರ ಒಂದು ಸುತ್ತು ಫೋನ್ ಮಾಡ್ತೀನಿ. ಬದಲಾಗಿದ್ರೆ ಅಳಿಸಿ ಬರೀತೀನಿ. ಮಾಡಿಲ್ಲ ಅಂದ್ರೆ ತಾರೀಖೇ ಹೇಳುತ್ತೆ."

ಅತ್ತೆಯ ವಿಷಯವೂ ಬಂತು. ಅವರ ಹೆಂಡತಿಯ ತಾಯಿಯಂತೆ. ಕೆಲವು ವರ್ಷದ ಹಿಂದೆ ಆಕೆ ಇವರ ಮನೆಯಲ್ಲಿದ್ದಾಗ ಸಂಜೆ ಸಂಜೆ ಒಂದೊಂದು ಕಡೆ ಕರೆದುಕೊಂಡು ಹೋಗಿ, ಕೈಗಡಿಯಾರ ನೋಡಿ ಬರೆದುಕೊಂಡಿದ್ದಾರೆ. ಲೆಕ್ಕ ಸುಲಭ. ಫೋನಿನ ಮ್ಯಾಪು ಗಂಟೆಗೆ ಐದು ಕಿಲೋಮೀಟರ್ ಆಸುಪಾಸು ನಡೆಯುವವರ ಲೆಕ್ಕದಲ್ಲಿ ಸಮಯ ಹೇಳುತ್ತದೆ. ಅಂದರೆ ನೂರು ಮೀಟರಿಗೆ ಒಂದೂಕಾಲು ನಿಮಿಷ. ಮಂಡಿ ನೋವಿನವರು ನಿಂತು, ಉಸಿರು ತೆಗೆದುಕೊಂಡು, ರಸ್ತೆ ದಾಟುವಾಗ ಹೆದರಿ ಹಿಂದೆ ಸರಿದು ನಡೆದರೆ ನೂರು ಮೀಟರಿಗೆ ಎರಡು ನಿಮಿಷ ಬೇಕು. "ಮ್ಯಾಪಿಗೆ ಅತ್ತೆ ಇಲ್ಲ" ಅಂದರು ಅವರು.

ಮಧ್ಯಾಹ್ನದ ಊಟಕ್ಕೆ ಚೀಟಿಯಲ್ಲಿ ಮೊದಲ ಹೆಸರು ಗಾಂಧಿ ಚೌಕದ ಆರ್‌ಆರ್‌ಆರ್. ಆಂಧ್ರ ಊಟ, ಬಾಳೆ ಎಲೆ. "ಎರಡು ನಿಮಿಷ, ಅತ್ತೆ ಜೊತೆ ನಾಲ್ಕು. 1 ಗಂಟೆಯಿಂದ 2.15ರವರೆಗೆ ಕಾಯಬೇಕಾಗುತ್ತೆ, 12.30ಕ್ಕೆ ಹೋಗಿ" ಅಂತ ಬರೆದಿತ್ತು. ನಾವು 12.35ಕ್ಕೆ ಹೋದೆವು. ಕೂತೆವು, ತಿಂದೆವು. ನಮ್ಮ ಕಡೆಯ ಹೋಟೆಲುಗಳಲ್ಲೂ ಇದೇ ತಾನೇ? ಬಾಗಿಲ ಮೇಲಿನ ಬೋರ್ಡಿನಲ್ಲಿ ಊಟದ ಸಮಯ ಇರುತ್ತದೆ, ಕಾಯುವ ಸಮಯ ಇರುವುದಿಲ್ಲ. ಬೇಳೆಯ ಪಪ್ಪಿಗೆ ತುಪ್ಪ ಹಾಕಿಸಿಕೊಂಡ ಅಮ್ಮ, ಆಂಧ್ರದವರ ಚಟ್ನಿಪುಡಿ ನಮ್ಮ ಶೇಂಗಾ ಪುಡಿಯ ಮುಂದೆ ಏನೂ ಅಲ್ಲ ಅಂತ ತೀರ್ಪು ಕೊಟ್ಟಳು. ಆದರೂ ಎರಡು ಸಲ ಹಾಕಿಸಿಕೊಂಡಳು.

ಸಂಜೆ ನಾಲ್ಕಕ್ಕೆ ಹೊರಟೆವು. ದೊಡ್ಡ ಗಡಿಯಾರ ಮೂರು ನಿಮಿಷದ ದಾರಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡು ಇಪ್ಪತ್ತೈದು ವರ್ಷವಾದಾಗ, 1927ರಲ್ಲಿ, ಅರಮನೆಯ ನೌಕರರು ದುಡ್ಡು ಸೇರಿಸಿ ಕಟ್ಟಿಸಿದ್ದು. ಮುಖದ ಮೇಲೆ ಕನ್ನಡ ಅಂಕಿ. ಅಮ್ಮ ಅದನ್ನು ಓದಿ ತನ್ನ ಗಡಿಯಾರ ಸರಿ ಮಾಡಿಕೊಳ್ಳಲು ಹೋದಳು. ಬೇಡ ಅಂದೆ.

ಅಲ್ಲಿಂದ ಕೆ.ಆರ್. ವೃತ್ತ ದಾಟಿದರೆ ದೇವರಾಜ ಮಾರುಕಟ್ಟೆ. ಮಾರುಕಟ್ಟೆಯ ಮುಂದೆ ಚೀಟಿಯಲ್ಲಿ ಬಾಗಿಲು ತೆರೆಯುವ ಸಮಯದ ಬದಲು ಬೇರೆ ಮಾತಿತ್ತು: "ಹೂವಿಗೆ ಬೆಳಿಗ್ಗೆ ಹೋಗಿ. ಸಂಜೆ ಹೋದರೆ ಕುಂಕುಮ, ಬಾಳೆಹಣ್ಣು ಚೆನ್ನಾಗಿರುತ್ತೆ. ಭಾನುವಾರ ಕೆಲವು ಅಂಗಡಿ ಇರಲ್ಲ." ನಾವು ಹೋದದ್ದು ಭಾನುವಾರವೇ. ಕೆಲವು ಮುಚ್ಚಿದ್ದವು. ಮೊದಲೇ ಗೊತ್ತಿದ್ದರಿಂದ ಬೇಜಾರಾಗಲಿಲ್ಲ. ಕುಂಕುಮದ ಗೋಪುರಗಳ ಮುಂದೆ ನಿಂತು ಅಮ್ಮ ಬಣ್ಣ ಆರಿಸುತ್ತಾ ಇಪ್ಪತ್ತು ನಿಮಿಷ ಕಳೆದಳು. ಮಾರುಕಟ್ಟೆಗೆ ಅಂಟಿಕೊಂಡಂತೆ ಸಯ್ಯಾಜಿರಾವ್ ರಸ್ತೆಯಲ್ಲೇ ಗುರು ಸ್ವೀಟ್ಸ್ ಇದೆ. ಅರಮನೆಯಲ್ಲಿ ಮೈಸೂರು ಪಾಕ್ ಮಾಡಿದರು ಅನ್ನುವ ಕಾಕಾಸುರ ಮಾದಪ್ಪನವರ ವಂಶದವರದು. ಇದರ ಮುಂದೆ ಚೀಟಿಯಲ್ಲಿ ಒಂದೇ ಸಾಲು: "ಊರಿಗೆ ಒಯ್ಯುವುದಾದರೆ ಹೊರಡುವ ದಿನ ಕೊಳ್ಳಿ." ತುಪ್ಪದ ಪಾಕ್ ಮೂರು ದಿನ ಕೋಣೆಯಲ್ಲಿಟ್ಟರೆ ಡಬ್ಬಿಯೆಲ್ಲ ಜಿಡ್ಡು. ಅದು ನಿಜವೇ. ಒಂದೊಂದು ತುಂಡು ಅಲ್ಲೇ ನಿಂತು ತಿಂದು ಬಂದೆವು.

ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಲಕ್ಷದ ಹತ್ತಿರ ಬಲ್ಬು. ಚೀಟಿಯಲ್ಲಿ "6.45ಕ್ಕೆ ಜಾಗದಲ್ಲಿರಿ. ಹತ್ತಿದ ಮೇಲೆ ಬಂದರೆ ಅರ್ಧ ನೋಡಿದ ಹಾಗೆ" ಅಂತ ಇತ್ತು. ಅಮ್ಮನಿಗೆ ಒಳಗಿನ ನೂಕುನುಗ್ಗಲು ಬೇಡವೆನಿಸಿತು. ಚಾಮರಾಜೇಂದ್ರ ಒಡೆಯರ ಪ್ರತಿಮೆಯ ಬಳಿ, ಉತ್ತರದ ಬಾಗಿಲಿನ ಎದುರು ನಿಂತೆವು. ಏಳಾಯಿತು. ಬಾಗಿಲ ಕಮಾನು, ಗೋಡೆ, ಆಚೆಗಿನ ಗೋಪುರ ಎಲ್ಲ ಒಟ್ಟಿಗೇ ಹೊತ್ತಿತು. ಸುತ್ತ ನಿಂತವರೆಲ್ಲ "ಓ" ಅಂದರು. ಅಮ್ಮನೂ ಅಂದಳು, ಆಮೇಲೆ ನಾಚಿ ಸೆರಗು ಸರಿ ಮಾಡಿಕೊಂಡಳು.

ಸೋಮವಾರ

ಬೆಳಿಗ್ಗೆ ಅಮ್ಮ "ನಾಷ್ಟಾ ಎಲ್ಲಿ?" ಅಂದಳು. ಚೀಟಿಯಲ್ಲಿ "ತಿಂಡಿ" ಅಂತ ಇದ್ದಲ್ಲಿ ನಜರ್‌ಬಾದಿನ ಮೈಲಾರಿ ಹೋಟೆಲಿನ ಹೆಸರಿತ್ತು. ನಡೆದರೆ ಹದಿನಾರು ನಿಮಿಷ, ಅತ್ತೆ ಜೊತೆ ಇಪ್ಪತ್ತಾರು. ಪಕ್ಕದಲ್ಲಿ "ಹೋಗುವಾಗ ಆಟೋ, ಬರುವಾಗ ನಡಿಗೆ" ಅಂತ ಸಲಹೆ. ಹಸಿದ ಹೊಟ್ಟೆಯಲ್ಲಿ ಇಪ್ಪತ್ತಾರು ನಿಮಿಷ ಅಂದರೆ ನಲವತ್ತರಷ್ಟು ಅನಿಸುತ್ತದೆ ಅನ್ನುವುದು ಅವರ ಅನುಭವ. ಆ ರಸ್ತೆಯಲ್ಲಿ ಮೈಲಾರಿ ಅನ್ನುವ ಹೆಸರಿನ ಹೋಟೆಲು ಒಂದಕ್ಕಿಂತ ಹೆಚ್ಚಿವೆ, ಅದನ್ನೂ ಬರೆದಿದ್ದರು. "ಯಾವುದು ಮೂಲ ಅಂತ ನನ್ನನ್ನು ಕೇಳಬೇಡಿ. ಜಾಗ ಸಿಕ್ಕಿದ ಕಡೆ ಕೂತ್ಕೊಳ್ಳಿ."

ಜಾಗ ಚಿಕ್ಕದು. ಗೊತ್ತಿಲ್ಲದವರ ಜೊತೆ ಒಂದೇ ಟೇಬಲಿನಲ್ಲಿ ಕೂರಬೇಕು. ದೋಸೆ ನಮ್ಮ ಕಡೆಯ ಹಾಗೆ ಗರಿಗರಿ ಅಲ್ಲ. ಮೆತ್ತಗೆ, ಬಾಯಿಗಿಟ್ಟರೆ ಕರಗುವಂಥದ್ದು, ಮೇಲೊಂದು ಬೆಣ್ಣೆ ಉಂಡೆ, ಜೊತೆಗೆ ಕಾಯಿ ಚಟ್ನಿ. ಅಮ್ಮ ಮೊದಲು "ಇದು ಇನ್ನೂ ಬೆಂದಿಲ್ಲೇನು?" ಅಂದಳು. ಆಮೇಲೆ ಮಾತಾಡಲಿಲ್ಲ.

ತಿಂಡಿಯ ಸಾಲುಗಳಲ್ಲಿ ನಾನು ಕಲಿತದ್ದು ಬೇರೆಯೇ ಒಂದು. ಅವರು ಹೋಟೆಲಿಗೆ ಫೋನ್ ಮಾಡಿ "ಎಷ್ಟು ಗಂಟೆವರೆಗೆ ತೆಗೆದಿರ್ತೀರಾ?" ಅಂತ ಕೇಳುವುದಿಲ್ಲವಂತೆ. "ಕೊನೆ ದೋಸೆ ಎಷ್ಟಕ್ಕೆ?" ಅಂತ ಕೇಳುತ್ತಾರೆ. ಬಾಗಿಲು ಹನ್ನೆರಡರವರೆಗೆ ತೆಗೆದಿರಬಹುದು, ಹಿಟ್ಟು ಹನ್ನೊಂದಕ್ಕೇ ಮುಗಿದಿರುತ್ತದೆ. ಕೆಲವು ಕಡೆ ಮಧ್ಯಾಹ್ನ ಹೋಟೆಲು ತೆಗೆದಿದ್ದರೂ ಕಾವಲಿ ಆರಿಸಿರುತ್ತಾರೆ, ಸಿಗುವುದು ಬರೀ ಕಾಫಿ. ನನ್ನ ಚೀಟಿಯಲ್ಲಿ ಇಷ್ಟು ವರ್ಷ ಇದ್ದದ್ದು ಬೋರ್ಡಿನ ಸಮಯ. ಬೆಳಿಗ್ಗೆ ಹನ್ನೊಂದೂವರೆಗೆ ಹೋಗಿ ಬರಿಗೈಲಿ ವಾಪಸ್ ಬಂದವರು ಎಷ್ಟು ಜನವೋ. ಅವರ್ಯಾರೂ ನನಗೆ ಬಂದು ಹೇಳಲಿಲ್ಲ, ಅಷ್ಟೇ.

ಅಲ್ಲಿಂದ ಮೃಗಾಲಯಕ್ಕೆ ಆಟೋ. ಮೃಗಾಲಯ 8.30ಕ್ಕೆ ತೆರೆಯುತ್ತದೆ, 5.30ಕ್ಕೆ ಮುಚ್ಚುತ್ತದೆ, ಮಂಗಳವಾರ ರಜಾ. ಈ ರಜಾ ಅನ್ನುವುದನ್ನು ಚೀಟಿಯಲ್ಲಿ ಎರಡು ಗೆರೆ ಎಳೆದು ತೋರಿಸಿದ್ದರು. ಮಂಗಳವಾರ ಬೆಳಿಗ್ಗೆ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು ಬರುವವರು ಈಗಲೂ ಇದ್ದಾರಂತೆ. ನಮ್ಮದು ಭಾನುವಾರ, ಸೋಮವಾರ, ಮಂಗಳವಾರದ ಪ್ರವಾಸ. ಹಾಗಾಗಿ ಸೋಮವಾರ ಬಿಟ್ಟರೆ ಬೇರೆ ದಿನವಿರಲಿಲ್ಲ.

ಇಲ್ಲಿ ಚೀಟಿಯಲ್ಲಿ ಒಂದು ಮೂರನೇ ಸಮಯವೂ ಇತ್ತು. "ಒಳಗೆ ನಡಿಗೆ: ಪೂರ್ತಿ ಸುತ್ತು ಸುಮಾರು 3 ಕಿ.ಮೀ., ಎರಡೂವರೆ ಗಂಟೆ." ಬಾಗಿಲವರೆಗಿನ ದಾರಿಯನ್ನು ಎಲ್ಲರೂ ಹೇಳುತ್ತಾರೆ, ಬಾಗಿಲ ಒಳಗಿನದನ್ನು ಯಾರೂ ಹೇಳುವುದಿಲ್ಲ. ಆಟೋದಲ್ಲಿ ಇಳಿದು, ಕಾಲು ಉಳಿಯಿತು ಅಂದುಕೊಂಡು ಒಳಗೆ ಹೋದವರಿಗೆ ಅರ್ಧ ದಾರಿಯಲ್ಲಿ ಹಿಂದೆಯೂ ಅಷ್ಟೇ, ಮುಂದೆಯೂ ಅಷ್ಟೇ. ನಾವು ಬ್ಯಾಟರಿ ಗಾಡಿ ಹತ್ತಿದೆವು. ಜಿರಾಫೆಯ ಹತ್ತಿರ ಮಾತ್ರ ಇಳಿದೆವು. "ಇದರ ಮಂಡಿಗೆ ಎಷ್ಟು ನೋವಿರಬೇಕು" ಅಂದಳು ಅಮ್ಮ.

ಸಂಜೆಯ ಪೆಟ್ಟು ಪೂರ್ತಿ ನನ್ನದೇ ತಪ್ಪಿನಿಂದ. ಚಾಮುಂಡಿ ಬೆಟ್ಟದ ಸಾಲು ಹೀಗಿತ್ತು: "ದೇವಸ್ಥಾನ 7.30ರಿಂದ 2, 3.30ರಿಂದ 6, 7.30ರಿಂದ 9. ಮಧ್ಯೆ ದರ್ಶನ ಇಲ್ಲ. 201 ಬಸ್ಸು, ಸಿಟಿ ಬಸ್ ನಿಲ್ದಾಣ. ಮೂರು ಗಂಟೆಗೆ ಹೊರಡಿ." ನಾನು ಇದನ್ನು ಓದಿದ್ದೆ. ಓದಿ, ಒಂಬತ್ತರವರೆಗೆ ಇದೆ ಅಂತಷ್ಟೇ ತಲೆಯಲ್ಲಿಟ್ಟುಕೊಂಡಿದ್ದೆ. ಊಟವಾದ ಮೇಲೆ ಇಬ್ಬರೂ ಮಲಗಿಬಿಟ್ಟೆವು. ಎದ್ದು, ಕಾಫಿ ಕುಡಿದು, ಬಸ್ಸು ಹತ್ತಿ ಮೇಲೆ ಹೋದಾಗ ಆರು ಗಂಟೆ ಹತ್ತು ನಿಮಿಷ. ಅಭಿಷೇಕದ ಹೊತ್ತು. ದರ್ಶನಕ್ಕೆ ಇನ್ನು ಏಳೂವರೆಗೇ.

ಹಣ್ಣುಕಾಯಿಯ ಬುಟ್ಟಿ ಹಿಡಿದು ಅಮ್ಮ ಒಂದು ಕಟ್ಟೆಯ ಮೇಲೆ ಕೂತಳು. ಮಹಿಷಾಸುರನ ಪ್ರತಿಮೆ ನೋಡಿಯಾಯಿತು, ಗೋಪುರ ನೋಡಿಯಾಯಿತು. ಗಾಳಿ ತಣ್ಣಗಿತ್ತು. ಕೆಳಗೆ ಊರಿನ ದೀಪ ಒಂದೊಂದೇ ಹತ್ತಿತು. ಮೆಟ್ಟಿಲ ದಾರಿಯ ನಂದಿಯನ್ನು ಹಗಲಿನಲ್ಲಿ ನೋಡಿಬಿಡಬೇಕಿತ್ತು. ದೊಡ್ಡ ದೇವರಾಜ ಒಡೆಯರ ಕಾಲದ ಒಂದೇ ಕಲ್ಲಿನ ನಂದಿ ಅದು. ಬೆಟ್ಟಕ್ಕೆ ಸಾವಿರ ಮೆಟ್ಟಿಲು, ಕೆಳಗಿನಿಂದ ಎಣಿಸಿದರೆ ಏಳುನೂರರ ಹತ್ತಿರ ನಂದಿ. ಮೇಲಿನಿಂದ ಇಳಿದರೆ ಮುನ್ನೂರು. ಚೀಟಿಯಲ್ಲಿ "ಮಂಡಿ ನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ವಾಹನದಲ್ಲಿ ನಂದಿಯವರೆಗೆ ರಸ್ತೆ ಇದೆ" ಅಂತ ಇತ್ತು. ಕತ್ತಲಾಗಿತ್ತು, ಬಿಟ್ಟೆವು. ಏಳೂವರೆಗೆ ದರ್ಶನ ಚೆನ್ನಾಗಿಯೇ ಆಯಿತು. ಬರುವಾಗ ಬಸ್ಸಿನಲ್ಲಿ ಅಮ್ಮ, "ಅವರು ಬರೆದು ಕೊಟ್ಟಾರ, ನೀ ಓದಿಲ್ಲ" ಅಂದಳು. ಅದಕ್ಕೇನು ಹೇಳುವುದು?

ಆದರೆ ಆ ಸಾಲನ್ನು ನಾನೇ ಬರೆದಿದ್ದರೆ ಬೇರೆ ರೀತಿ ಬರೆಯುತ್ತಿದ್ದೆ ಅನಿಸಿತು. ಮೂರು ಜೋಡಿ ಸಮಯ ಒಟ್ಟಿಗಿದ್ದರೆ ಕಣ್ಣು ಮೊದಲನೆಯದನ್ನೂ ಕೊನೆಯದನ್ನೂ ಹಿಡಿಯುತ್ತದೆ, ನಡುವಿನದು ಜಾರುತ್ತದೆ. "6ರಿಂದ 7.30 ಬಾಗಿಲು ಹಾಕಿರುತ್ತೆ" ಅಂತ ಮೊದಲು ಬರೆಯಬೇಕು. ರಾತ್ರಿ ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಹಾಳೆ ನೋಡಿದರು. "ಹೌದಲ್ವಾ" ಅಂದರು.

ಮಂಗಳವಾರ

ಅರಮನೆ 10ರಿಂದ 5.30. ಚೀಟಿಯಲ್ಲಿ "ಹತ್ತಕ್ಕೇ ಹೋಗಿ, ಹನ್ನೊಂದರ ಮೇಲೆ ಶಾಲೆ ಬಸ್ಸುಗಳು" ಅಂತ ಇತ್ತು. ನನಗೆ ಇದೇ ಸಾಲಿನ ಮೇಲೆ ಅನುಮಾನ. ಲಾಡ್ಜಿನ ಮಾಳಿಗೆಯಿಂದಲೇ ಅರಮನೆ ಕಾಣುತ್ತದೆ, ಉತ್ತರದ ಬಾಗಿಲಿಗೆ ಐದಾರು ನಿಮಿಷ. ಇವರು "ಹದಿನೆಂಟು ನಿಮಿಷ, ಅತ್ತೆ ಜೊತೆ ಮೂವತ್ತು" ಅಂತ ಬರೆದಿದ್ದರು. ಯಾಕೆ ಅಂತ ಕೇಳಿದೆ.

"ಟಿಕೆಟ್ ಕೊಡೋದು ದಕ್ಷಿಣದಲ್ಲಿ, ವರಾಹ ದ್ವಾರದಲ್ಲಿ. ನೀವು ನೋಡ್ತಿರೋದು ಉತ್ತರದ ಬಾಗಿಲು. ಅಲ್ಲಿ ಹೋಗಿ ಕೇಳಿದ್ರೆ ಸುತ್ತಿ ಬನ್ನಿ ಅಂತಾರೆ. ಕೋಟೆ ಗೋಡೆ ಸುತ್ತಬೇಕು."

ನನ್ನ ಉಣಕಲ್ ಕೆರೆಯೂ ಇದೇ ತಪ್ಪೇ. ಕಣ್ಣಿಗೆ ಕಾಣುವ ದೂರ ಬೇರೆ, ಬಾಗಿಲಿನಿಂದ ಬಾಗಿಲಿಗೆ ದೂರ ಬೇರೆ. ಸುಮ್ನೆ ಪರೀಕ್ಷೆ ಮಾಡೋಣ ಅಂತ ಲಾಡ್ಜಿನ ಹೊಸ್ತಿಲ ಮೇಲೆ ನಿಂತು ಗಡಿಯಾರ ನೋಡಿಕೊಂಡೆ. 9.22. ಗಡಿಯಾರ ಗೋಪುರ ದಾಟಿ, ಪ್ರತಿಮೆಯ ಬಳಿ ಎಡಕ್ಕೆ ತಿರುಗಿ, ಹಾರ್ಡಿಂಜ್ ವೃತ್ತ. ಇಲ್ಲಿ ರಸ್ತೆ ದಾಟಲು ಮೂರು ನಿಮಿಷ ಹಿಡಿಯಿತು. ಬಸ್ಸುಗಳು ಬಿಡುವುದೇ ಇಲ್ಲ. ಅಲ್ಲಿಂದ ಗೋಡೆಯ ಪಕ್ಕದಲ್ಲೇ, ಜಯಮಾರ್ತಾಂಡ ದ್ವಾರ ದಾಟಿ, ಮರದ ನೆರಳಲ್ಲಿ. ಅಮ್ಮ ಎರಡು ಕಡೆ ನಿಂತಳು. ಒಂದು ಕಡೆ ನೀರು ಕುಡಿದಳು, ಇನ್ನೊಂದು ಕಡೆ ಕುದುರೆ ಗಾಡಿ ನೋಡಿದಳು. ವರಾಹ ದ್ವಾರ ಮುಟ್ಟಿದಾಗ 9.53. ಮೂವತ್ತೊಂದು ನಿಮಿಷ. ಸುಮಾರು ಒಂದೂವರೆ ಕಿಲೋಮೀಟರಿಗೆ ನೂರು ಮೀಟರಿಗೆರಡು ನಿಮಿಷದ ಲೆಕ್ಕ ಸರಿಯಾಗಿಯೇ ಇತ್ತು. ಕುದುರೆಗೆ ಒಂದು ನಿಮಿಷ.

ಒಳಗಿನ ವಿವರ ಬೇಡ, ಎಲ್ಲರೂ ಬರೆದಿದ್ದಾರೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟು ಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆ ಹಾಕಿ, 1912ರಲ್ಲಿ ಮುಗಿದದ್ದು ಇದು. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಕೂರಲು ಜಾಗ ಕಡಿಮೆ. ಚೀಟಿಯಲ್ಲಿ ಇದೂ ಇತ್ತು. ಕಲ್ಯಾಣ ಮಂಟಪದ ನವಿಲುಗಳ ಕೆಳಗೆ ಅಮ್ಮ ಕತ್ತು ಮೇಲೆತ್ತಿ ಬಹಳ ಹೊತ್ತು ನಿಂತಿದ್ದಳು. ನನಗೆ ಅಷ್ಟು ಸಾಕಾಯಿತು. ಹೊರಗೆ ಬಂದಾಗ ಒಬ್ಬ ಆಟೋದವನು ಹತ್ತು ರೂಪಾಯಿಗೆ ಊರೆಲ್ಲ ತೋರಿಸುತ್ತೇನೆ ಅಂದ. ಹತ್ತು ರೂಪಾಯಿಗೆ ಊರು ತೋರಿಸುವವನು ರೇಷ್ಮೆ ಅಂಗಡಿಯ ಮುಂದೆ ನಿಲ್ಲಿಸುತ್ತಾನೆ, ಅಂಗಡಿಯಿಂದ ಅವನಿಗೆ ಕಮಿಷನ್. ನಮ್ಮ ಕೆಲಸದಲ್ಲೂ ಇದರ ಆಸೆ ತೋರಿಸುವವರಿದ್ದಾರೆ. ಈ ಚೀಟಿಯಲ್ಲಿ ಒಂದೇ ಒಂದು ಸೀರೆ ಅಂಗಡಿಯ ಹೆಸರಿರಲಿಲ್ಲ.

ಮಧ್ಯಾಹ್ನ ಕೊನೆಗೂ ಒಂದು ಸಾಲು ತಪ್ಪಿತು. ಹಿಂದಿನ ಬೀದಿಯ ಒಂದು ಸಣ್ಣ ಹೋಟೆಲಿಗೆ ಹೋದರೆ ಬೀಗ. ಪಕ್ಕದ ಅಂಗಡಿಯವರು, "ಈ ವಾರದಿಂದ ಮಂಗಳವಾರ ರಜಾ ಮಾಡವ್ರೆ" ಅಂದರು. ಲಾಡ್ಜಿಗೆ ಬಂದು ಹೇಳಿದೆ. ಅವರಿಗೆ ನಿಜವಾಗಿ ಬೇಜಾರಾಯಿತು. "ಶನಿವಾರ ಫೋನಲ್ಲಿ ಹೇಳಲೇ ಇಲ್ಲ ನೋಡಿ." ಅಳಿಸಿ, ಬರೆದು, ಮೂಲೆಯ ತಾರೀಖನ್ನೂ ಬದಲಾಯಿಸಿದರು. ಆಮೇಲೆ ಡ್ರಾಯರಿನಲ್ಲಿದ್ದ ಉಳಿದ ಹಾಳೆಗಳನ್ನೂ ತೆಗೆದು ಒಂದೊಂದನ್ನೇ ತಿದ್ದಿದರು. ಹದಿನಾಲ್ಕು ಹಾಳೆ ಇದ್ದವು. ಝೆರಾಕ್ಸ್ ಮಾಡಿಸಬಹುದಲ್ವಾ ಅಂದೆ. "ಝೆರಾಕ್ಸ್ ಅಳಿಸೋಕಾಗಲ್ಲ ಮೇಡಂ" ಅಂದರು. ಚಾಮುಂಡಿ ಬೆಟ್ಟದ ಸಾಲು ಆಗಲೇ ಬದಲಾಗಿತ್ತು. "6ರಿಂದ 7.30 ದರ್ಶನ ಇಲ್ಲ" ಅನ್ನುವುದು ಮೊದಲು ಬಂದಿತ್ತು.

ಸಂಜೆ ಗುರು ಸ್ವೀಟ್ಸಿನಲ್ಲಿ ಅರ್ಧ ಕೆಜಿ ಕಟ್ಟಿಸಿಕೊಂಡು ರೈಲು ಹತ್ತಿದೆವು.

ಊರಿಗೆ ಬಂದ ಮೇಲೆ

ಗುರುವಾರ ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಅಮ್ಮನನ್ನು ಲಾಡ್ಜಿನ ಬಾಗಿಲಿಗೆ ಕರೆತಂದೆ. ಎರಡು ಹಾಳೆ, ಒಂದು ನೀಲಿ ಪೆನ್ನು, ಒಂದು ಪೆನ್ಸಿಲ್. "ಎಲ್ಲಿಗೆ ಹೊಂಟೇವಿ?" ಅಂದಳು ಅಮ್ಮ. ಖಾನಾವಳಿಯವರೆಗೆ ಅಂದೆ. ಹಳೆಯ ಚೀಟಿಯಲ್ಲಿ ಅದು ನಾಲ್ಕು ನಿಮಿಷ. ರೊಟ್ಟಿ ಬಡಿಯುವ ಸಪ್ಪಳ ಕೇಳಿಸುವಷ್ಟು ಹತ್ತಿರ ಹೋದಾಗ ಹನ್ನೊಂದು ನಿಮಿಷವಾಗಿತ್ತು. ದಾರಿಯಲ್ಲಿ ಅಮ್ಮ ಪರಿಚಯದವರೊಬ್ಬರನ್ನು ಮಾತಾಡಿಸಿದ್ದಳು, ಆ ಮೂರು ನಿಮಿಷ ಕಳೆದು ಎಂಟು ಅಂತ ಶಾಯಿಯಲ್ಲಿ ಬರೆದೆ. ಕೊನೆಯ ರೊಟ್ಟಿ ಎಷ್ಟಕ್ಕೆ ಅಂತ ಒಳಗೆ ಹೋಗಿ ಕೇಳಿದೆ. ಒಲೆಯ ಮುಂದಿದ್ದ ಅಕ್ಕ ನನ್ನನ್ನೇ ನೋಡಿದಳು. "ಹಿಟ್ಟು ಇರೂತನಕ" ಅಂದಳು. ಎರಡೂವರೆ ಅಂತ ಪೆನ್ಸಿಲಿನಲ್ಲಿ ಬರೆದು, ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದೆ.